ರಿಮೋಟಿನಲ್ಲಿ 24, ತೊಟ್ಟಿಲಲ್ಲಿ ಎಷ್ಟು? ಹಸುಗೂಸು ಮತ್ತು ವಯಸ್ಸಾದ ಅತ್ತೆ ಒಂದೇ ಎ.ಸಿ. ಕೋಣೆಯಲ್ಲಿ ಮಲಗುವ ಬಗ್ಗೆ

ಬದಿಯಡ್ಕದ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಮಗುವಿಗೆ ಈಗ ಮೂರು ತಿಂಗಳು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಎರಡು ವಾರವಾಯಿತು. ಗಂಡ ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ಎ.ಸಿ. ಇರುವುದು ಒಂದೇ ಕೋಣೆಗೆ, ಆದ್ದರಿಂದ ನಾನು, ಮಗು ಮತ್ತು ಎಪ್ಪತ್ತೆಂಟು ವರ್ಷದ ಅತ್ತೆ ಮೂವರೂ ಅಲ್ಲಿಯೇ ಮಲಗುತ್ತೇವೆ. ಕೋಣೆ ಹತ್ತಡಿಗೆ ಹನ್ನೆರಡಡಿ, ಮೇಲೆ ತಾರಸಿ. ಎ.ಸಿ. ಒಂದೂವರೆ ಟನ್ನಿನದು, ಹಳೆಯ ಮಾದರಿ, ಇನ್ವರ್ಟರ್ ಅಲ್ಲ.

ಆಟಿಯ ಮಳೆ ಹಿಡಿದಿರುವುದರಿಂದ ಕಿಟಕಿ ತೆರೆದರೆ ಇರಿಚಲು, ಸೊಳ್ಳೆ. ಮುಚ್ಚಿದರೆ ಉಸಿರುಗಟ್ಟುವ ಧಗೆ. ರಿಮೋಟಿನಲ್ಲಿ 24 ಇಟ್ಟು ಮಲಗಿದರೆ ಬೆಳಗಿನ ಜಾವ ಮೂರೂವರೆ ನಾಲ್ಕರ ಹೊತ್ತಿಗೆ ಅತ್ತೆಯ ಪಾದಗಳು ಮಂಜುಗಡ್ಡೆಯ ಹಾಗೆ ಆಗಿರುತ್ತವೆ, ಅವರು ಕಂಬಳಿ ಹುಡುಕುತ್ತಾರೆ. ಮಗುವಿನ ಕೈಕಾಲೂ ತಣ್ಣಗಿರುತ್ತದೆ, ಆದರೆ ಬೆನ್ನ ಕೆಳಗೆ ಕೈ ಹಾಕಿದರೆ ಬಟ್ಟೆ ಹಸಿ ಹಸಿ ಎನ್ನಿಸುತ್ತದೆ. ಬೆಳಿಗ್ಗೆ ಮೂಗು ಕಟ್ಟಿರುತ್ತದೆ. ಹಾಸಿಗೆಯಿಂದ ಬೂಸಲಿನ ವಾಸನೆ ಬೇರೆ. ಎಷ್ಟು ಡಿಗ್ರಿ ಇಡಬೇಕು, ಗಾಳಿ ಯಾವ ಕಡೆಗೆ ಬಿಡಬೇಕು, ನಮ್ಮ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ತಿಳಿದವರು ದಯವಿಟ್ಟು ಹೇಳಬೇಕು.

ಕುಂಬಳೆ ಕಡಲ ಬದಿ

ಅಕ್ಕ, ನಾನು ಹದಿನಾರು ವರ್ಷ ದುಬೈಯಲ್ಲಿದ್ದವನು. ನನ್ನ ಇಬ್ಬರು ಮಕ್ಕಳೂ ಎ.ಸಿ.ಯಲ್ಲಿಯೇ ಬೆಳೆದರು. ಎ.ಸಿ. ಗಾಳಿಯನ್ನು ಒಣಗಿಸುತ್ತದೆ, ಅದರಿಂದಲೇ ಮೂಗು ಕಟ್ಟುವುದು. ಕೋಣೆಯ ಮೂಲೆಯಲ್ಲಿ ಅಗಲ ಬಾಯಿಯ ಪಾತ್ರೆಯೊಂದರಲ್ಲಿ ನೀರಿಡಿ. ನಾವು 22 ಇಟ್ಟು ಮಗುವಿಗೆ ದಪ್ಪ ಬಟ್ಟೆ ಹಾಕುತ್ತಿದ್ದೆವು, ಏನೂ ತೊಂದರೆಯಾಗಲಿಲ್ಲ.

ಉಪ್ಪಳ ರೆಫ್ರಿಜರೇಶನ್

ನೀರಿನ ಪಾತ್ರೆ ಇಡಬೇಡಿ, ಅಕ್ಕ. ಕುಂಬಳೆಯ ಅಣ್ಣ ಹೇಳಿದ್ದು ಅಲ್ಲಿಗೆ ಸರಿ. ಅಲ್ಲಿ ಹೊರಗೆ ನಲವತ್ತು ಡಿಗ್ರಿಯ ಬಿಸಿಲಿದ್ದಾಗ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಓಡುತ್ತಿರುವಷ್ಟು ಹೊತ್ತೂ ಗಾಳಿಯ ನೀರನ್ನು ಹಿಂಡಿ ತೆಗೆಯುತ್ತಲೇ ಇರುತ್ತದೆ. ನಮ್ಮಲ್ಲಿ ಆಟಿಯ ರಾತ್ರಿ ಹೊರಗೇ ಇಪ್ಪತ್ತನಾಲ್ಕು, ಇಪ್ಪತ್ತೈದು ಡಿಗ್ರಿ ಇರುತ್ತದೆ. ಅಂತಹ ರಾತ್ರಿ ಇಷ್ಟು ಸಣ್ಣ ಕೋಣೆಗೆ ಒಂದೂವರೆ ಟನ್ನಿನ ಯಂತ್ರವೆಂದರೆ ಐದಾರು ನಿಮಿಷ ಓಡಿ ಕೋಣೆ ತಣ್ಣಗಾಯಿತೆಂದು ನಿಂತುಬಿಡುತ್ತದೆ. ಕಂಪ್ರೆಸರ್ ನಿಂತರೂ ಒಳಗಿನ ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿಯನ್ನು ತಣಿಸುವ ಕಾಯಿಲ್ ಮೇಲೆ ಹಿಡಿದಿದ್ದ ನೀರು ಪೈಪಿನಲ್ಲಿ ಇಳಿಯುವ ಬದಲು ಅದೇ ಗಾಳಿಯಲ್ಲಿ ಮತ್ತೆ ಕೋಣೆಗೆ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಕೋಣೆಗಳು ತಣ್ಣಗೂ ಆಗುತ್ತವೆ, ಹಸಿಯೂ ಆಗಿರುತ್ತವೆ. ನೀವು ಹೇಳಿದ ಬೂಸಲಿನ ವಾಸನೆ ಅದರದ್ದೇ ಇರಬಹುದು.

ಇನ್ನೊಂದು ವಿಷಯ. ರಿಮೋಟಿನ 24 ಎನ್ನುವುದು ಹಾಸಿಗೆಯ ತಾಪಮಾನವಲ್ಲ. ಯಂತ್ರದ ಸೆನ್ಸರ್ ಇರುವುದು ಒಳಘಟಕದಲ್ಲಿ, ಗಾಳಿ ಒಳಗೆ ಹೋಗುವ ಜಾಗದಲ್ಲಿ, ಅಂದರೆ ಸೂರಿನ ಹತ್ತಿರ. ತಣ್ಣನೆಯ ಗಾಳಿ ಭಾರ, ಅದು ಕೆಳಗೆ ಇಳಿದು ನೆಲದ ಹತ್ತಿರ ನಿಲ್ಲುತ್ತದೆ. ಒಂದು ಸಣ್ಣ ಡಿಜಿಟಲ್ ಮಾಪಕ ತನ್ನಿ, ತಾಪಮಾನ ಮತ್ತು ತೇವಾಂಶ ಎರಡನ್ನೂ ತೋರಿಸುವಂಥದ್ದು. ಅದನ್ನು ತೊಟ್ಟಿಲ ಹಾಸಿಗೆಯ ಮಟ್ಟದಲ್ಲಿ, ಮಗುವಿನ ಕೈಗೆ ಸಿಗದಂತೆ ಇಟ್ಟು ಬೆಳಗಿನ ಜಾವ ನಾಲ್ಕಕ್ಕೆ ಓದಿ ಹೇಳಿ. ತೊಟ್ಟಿಲು ಎ.ಸಿ.ಗೆ ಯಾವ ದಿಕ್ಕಿನಲ್ಲಿದೆ ಎನ್ನುವುದನ್ನೂ ತಿಳಿಸಿ.

ಪೆರ್ಲದ ಓದುಗ

ಸರಕಾರವೇ 24 ಡಿಗ್ರಿ ಎಂದು ನಿಗದಿ ಮಾಡಿದೆಯಲ್ಲ? 2020ರಿಂದ ಹೊಸ ಎ.ಸಿ.ಗಳೆಲ್ಲ 24ಕ್ಕೇ ಚಾಲೂ ಆಗುತ್ತವೆ. ಅದು ಆರೋಗ್ಯಕ್ಕೆ ಸರಿಯಾದ ಮಟ್ಟ ಎಂದೇ ಅಲ್ಲವೇ? ಒಂದು ಡಿಗ್ರಿ ಹೆಚ್ಚಿಸಿದರೆ ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ಯಾರಾದರೂ ತಿಳಿಸಿದರೆ ಉಪಕಾರ.

ಉಪ್ಪಳ ರೆಫ್ರಿಜರೇಶನ್

ಅಣ್ಣ, ಅದು ವಿದ್ಯುತ್ ಉಳಿಸಲು ಮಾಡಿದ ನಿಯಮ. ಯಂತ್ರ ಚಾಲೂ ಆಗುವಾಗ 24 ಇರಬೇಕು, ಅನಂತರ ಬೇಕಾದಂತೆ ಬದಲಿಸಬಹುದು, ಇಷ್ಟೇ ಅದರ ಅರ್ಥ. ಮಗುವಿಗೆ ಇಷ್ಟು, ಮುದುಕರಿಗೆ ಇಷ್ಟು ಎಂದು ಅದರಲ್ಲಿ ಹೇಳಿಲ್ಲ. ಬಿಲ್ಲಿನ ವಿಷಯ ಬೇರೆ ಕಡೆ ಮಾತಾಡೋಣ.

ನಿವೃತ್ತ ದಾದಿ, ಮಂಜೇಶ್ವರ

ನಾನು ಮೂವತ್ತು ವರ್ಷ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡಿದವಳು. ಮೊದಲು ಮಗುವಿನ ವಿಷಯ ಹೇಳುತ್ತೇನೆ, ಅತ್ತೆಯ ವಿಷಯ ಅದಕ್ಕಿಂತ ಬೇರೆಯೇ ಇದೆ.

ಮಗಳೇ, ಕೂಸಿನ ಕೈಕಾಲು ಮುಟ್ಟಿ ಚಳಿಯೋ ಸೆಕೆಯೋ ಎಂದು ನಿರ್ಧರಿಸಬಾರದು. ಮೂರು ತಿಂಗಳ ಮಗುವಿನ ಅಂಗೈ ಅಂಗಾಲು ಸಾಮಾನ್ಯವಾಗಿಯೇ ತಣ್ಣಗಿರುತ್ತದೆ. ಕುತ್ತಿಗೆಯ ಹಿಂಭಾಗ ಅಥವಾ ಎದೆಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಬೇಕು. ಅಲ್ಲಿ ಬೆಚ್ಚಗೆ, ಒಣಗಿದಂತಿದ್ದರೆ ಮಗು ಸುಖವಾಗಿದೆ. ಬೆವತು ಕೂದಲು ಅಂಟಿಕೊಂಡಿದ್ದರೆ ಸೆಕೆಯಾಗಿದೆ. ಎದೆಯೇ ತಣ್ಣಗಿದ್ದರೆ ನಿಜವಾಗಿಯೂ ಚಳಿಯಾಗಿದೆ. ನೀನು ಬರೆದದ್ದನ್ನು ಓದಿದರೆ ಕೈ ತಣ್ಣಗಿದೆ ಎಂದು ಮೇಲೆ ಮೇಲೆ ಬಟ್ಟೆ ಸುತ್ತಿ, ಒಳಗೆ ಬೆನ್ನು ಬೆವರುತ್ತಿರುವ ಹಾಗೆ ಕಾಣುತ್ತದೆ. ಎಷ್ಟು ಬಟ್ಟೆ ಹಾಕಿದ್ದೀಯೆಂದು ಹೇಳು. ನಿದ್ದೆಯಲ್ಲಿ ಟೊಪ್ಪಿ ಬೇಡ. ಬಟ್ಟೆ ಹಾಕಿ ಮಲಗಿಸಿದ ಕೂಸಿನ ಮೈಯ ಶಾಖದ ದೊಡ್ಡ ಪಾಲು ತಲೆಯ ಮೂಲಕ ಹೋಗಬೇಕು, ಅದನ್ನು ಮುಚ್ಚಿದರೆ ಸೆಕೆ ಹೊರಬೀಳುವುದು ಕಷ್ಟ. ಸಡಿಲವಾಗಿ ಹೊದೆಸಿದ ಕಂಬಳಿಯೂ ಬೇಡ, ಅದು ಮುಖದ ಮೇಲೆ ಬಂದರೆ ತೆಗೆಯಲು ಅದಕ್ಕೆ ಆಗುವುದಿಲ್ಲ.

ಡಿಗ್ರಿಯ ವಿಷಯದಲ್ಲಿ ಅಂತರ್ಜಾಲದಲ್ಲಿ 16ರಿಂದ 20 ಎಂದು ಓದಿ ಗಾಬರಿಯಾಗುವವರಿದ್ದಾರೆ. ಅದು ಇಂಗ್ಲೆಂಡಿನ ಸಲಹೆ. ಅಲ್ಲಿ ಮಗುವನ್ನು ಮಲಗುವ ಚೀಲದೊಳಗೆ ಮಲಗಿಸುತ್ತಾರೆ. ಹೆರಿಗೆ ಕೋಣೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 25ರಿಂದ 28. ಅಂದರೆ ಬಟ್ಟೆಯ ಲೆಕ್ಕವಿಲ್ಲದೆ ಡಿಗ್ರಿಯ ಲೆಕ್ಕಕ್ಕೆ ಅರ್ಥವಿಲ್ಲ. ತಿಂಗಳು ತುಂಬಿ ಹುಟ್ಟಿ, ತೂಕ ಚೆನ್ನಾಗಿರುವ ಮೂರು ತಿಂಗಳ ಮಗುವಿಗೆ ನಮ್ಮಲ್ಲಿ ಒಂದು ಪದರ ತುಂಬುತೋಳಿನ ಹತ್ತಿ ಬಟ್ಟೆಯೊಂದಿಗೆ ಹಾಸಿಗೆಯ ಬಳಿ 25, 26 ಇದ್ದರೆ ಸಾಕು ಎಂಬುದು ನನ್ನ ಅನುಭವ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಈ ಲೆಕ್ಕ ಹಿಡಿಯಬೇಡ, ಮಗುವನ್ನು ನೋಡಿದ ಡಾಕ್ಟರರನ್ನೇ ಕೇಳಬೇಕು.

ಬದಿಯಡ್ಕದ ಸೊಸೆ

ದೊಡ್ಡಮ್ಮ, ನೀವು ಹೇಳಿದ್ದು ಸರಿ. ಜಬಲದ ಮೇಲೆ ಸ್ವೆಟರ್, ಅದರ ಮೇಲೆ ಸುತ್ತುವ ಬಟ್ಟೆ, ತಲೆಗೆ ಟೊಪ್ಪಿ ಎಲ್ಲ ಇತ್ತು. ಮಗು ತಿಂಗಳು ತುಂಬಿಯೇ ಹುಟ್ಟಿದೆ. ಟೊಪ್ಪಿ ತೆಗೆಯಲು ಅತ್ತೆ ಮೊದಲು ಒಪ್ಪಲಿಲ್ಲ. ಅವರ ಕೈಯನ್ನೇ ಹಿಡಿದು ಮಗುವಿನ ಕುತ್ತಿಗೆಯ ಹಿಂದೆ ಇಟ್ಟು ತೋರಿಸಿದೆ, ಬೆವರು ಅವರ ಬೆರಳಿಗೆ ಹತ್ತಿತು. ಆಮೇಲೆ ಅವರೇ ಟೊಪ್ಪಿ ತೆಗೆದರು.

ಕಾಸರಗೋಡು ಪೇಟೆಯಿಂದ ಮಾಪಕ ತರಿಸಿದೆ. ತೊಟ್ಟಿಲು ಎ.ಸಿ.ಯ ಎದುರು ಗೋಡೆಗೆ ತಾಗಿ ಇದೆ, ಎ.ಸಿ.ಯ ಸ್ವಿಂಗ್ ಹಾಕಿ ಮಲಗುತ್ತಿದ್ದೆವು. ರಿಮೋಟಿನಲ್ಲಿ 24 ಇಟ್ಟ ರಾತ್ರಿ ನಾಲ್ಕು ಗಂಟೆಗೆ ತೊಟ್ಟಿಲ ಮಟ್ಟದಲ್ಲಿ 22.5 ಡಿಗ್ರಿ, ತೇವಾಂಶ ಶೇಕಡಾ 82 ಇತ್ತು. ಎ.ಸಿ.ಯ ಕೆಳಗೆ ಸ್ಟೂಲ್ ಇಟ್ಟು ತಲೆಯ ಎತ್ತರದಲ್ಲಿ ನೋಡಿದಾಗ 24.5.

ಉಪ್ಪಳ ರೆಫ್ರಿಜರೇಶನ್

ಎರಡು ಡಿಗ್ರಿ ವ್ಯತ್ಯಾಸಕ್ಕೆ ಕಾರಣ ನೀವೇ ಬರೆದಿದ್ದೀರಿ. ಎ.ಸಿ.ಯಿಂದ ಹೊರಟ ಗಾಳಿ ಸೂರಿಗೆ ಅಂಟಿಕೊಂಡು ಎದುರಿನ ಗೋಡೆಯವರೆಗೆ ಹೋಗಿ ಅಲ್ಲಿ ಕೆಳಗಿಳಿಯುತ್ತದೆ. ಆ ಇಳಿಯುವ ಜಾಗದಲ್ಲಿಯೇ ತೊಟ್ಟಿಲಿದೆ. ಸ್ವಿಂಗ್ ಹಾಕಿದರೆ ಗಾಳಿ ಎಲ್ಲರಿಗೂ ಸಮವಾಗಿ ಹಂಚಿಹೋಗುತ್ತದೆ ಎಂದುಕೊಳ್ಳುತ್ತಾರೆ, ಆದರೆ ಮಲಗಿದವರಿಗೆ ಅದು ನಿಮಿಷಕ್ಕೆ ಹಲವು ಬಾರಿ ತಣ್ಣನೆಯ ಗಾಳಿಯ ಹೊಡೆತವಾಗಿ ಬರುತ್ತದೆ. ಬಿಟ್ಟುಬಿಟ್ಟು ಬೀಸುವ ಗಾಳಿ ಒಂದೇ ಸಮನೆ ಬೀಸುವ ಗಾಳಿಗಿಂತ ಹೆಚ್ಚು ಚಳಿ ಹುಟ್ಟಿಸುತ್ತದೆ. ಸ್ವಿಂಗ್ ನಿಲ್ಲಿಸಿ, ಎ.ಸಿ.ಯಿಂದ ಗಾಳಿ ಹೊರಬರುವಲ್ಲಿರುವ ರೆಕ್ಕೆಯನ್ನು ಆದಷ್ಟು ಮೇಲಕ್ಕೆ ತಿರುಗಿಸಿ, ತೊಟ್ಟಿಲನ್ನು ಎ.ಸಿ. ಇರುವ ಗೋಡೆಯ ಕಡೆಗೇ, ಅದರ ನೇರ ಕೆಳಗಲ್ಲದೆ ಪಕ್ಕದ ಮೂಲೆಗೆ ತನ್ನಿ.

ಗಾಳಿ ತಾಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಸುಲಭ ದಾರಿಯಿದೆ. ಒಂದು ಗೇಣು ಹೊಲಿಗೆ ನೂಲಿನ ತುದಿಗೆ ದೀಪದ ಬತ್ತಿಯಿಂದ ಎಳೆದ ಹತ್ತಿಯ ಎಳೆಯೊಂದನ್ನು ಕಟ್ಟಿ, ಮಗು ಕೋಣೆಯಲ್ಲಿ ಇಲ್ಲದಾಗ ದಿಂಬಿನ ಮೇಲೆ ಒಂದು ಚೋಟು ಎತ್ತರದಲ್ಲಿ ಹಿಡಿಯಿರಿ. ನೂಲು ನೇರವಾಗಿ ನಿಂತು ತುದಿ ಮಾತ್ರ ಮೆಲ್ಲಗೆ ಅಲುಗಿದರೆ ತೊಂದರೆಯಿಲ್ಲ. ನೂಲೇ ಓರೆಯಾದರೆ ಆ ಜಾಗದಲ್ಲಿ ತಲೆ ಇಡಬಾರದು. ಪರೀಕ್ಷೆ ಮುಗಿದ ಮೇಲೆ ನೂಲನ್ನು ತೊಟ್ಟಿಲ ಹತ್ತಿರ ಬಿಡಬೇಡಿ.

ಇನ್ನು 82 ಎನ್ನುವ ಅಂಕಿ. ಹೊಸ ಮಾಪಕವನ್ನು ಒಮ್ಮೆಲೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಎರಡು ಚಮಚ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ಇಡೀ ದಿನ ಮುಚ್ಚಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಯಾವಾಗಲೂ 75ರ ಹತ್ತಿರ ನಿಲ್ಲುತ್ತದೆ. ನಿಮ್ಮದು ಎಷ್ಟು ತೋರಿಸುತ್ತದೆಯೋ ಅದರ ವ್ಯತ್ಯಾಸವನ್ನು ಲೆಕ್ಕ ಹಿಡಿದುಕೊಳ್ಳಿ.

ಮುಳ್ಳೇರಿಯದಿಂದ

ನಮ್ಮ ತಂದೆಗೆ ಹಳೆಯ ಉಬ್ಬಸ. ಹೋದ ಮಳೆಗಾಲದಲ್ಲಿ ಎ.ಸಿ. ಹಾಕಿದರೆ ಕೆಮ್ಮು ಹೆಚ್ಚುತ್ತಿತ್ತು, ಆರಿಸಿದರೆ ಸೆಕೆ. ಕೊನೆಗೆ ತೇವ ಹೀರುವ ಯಂತ್ರವನ್ನೇ ತಂದೆವು. ದಿನಕ್ಕೆ ಎರಡು ಮೂರು ಲೀಟರ್ ನೀರು ತುಂಬುತ್ತಿತ್ತು, ಗೋಡೆಯ ಬೂಸಲೂ ನಿಂತಿತು. ಆದರೆ ಅದು ಕೋಣೆಯನ್ನು ಬಿಸಿ ಮಾಡುತ್ತದೆ, ಶಬ್ದವೂ ಇದೆ, ಆದ್ದರಿಂದ ಸಂಜೆ ಹಾಕಿ ಮಲಗುವಾಗ ನಿಲ್ಲಿಸುತ್ತಿದ್ದೆವು. ಮಗುವಿರುವ ಕೋಣೆಗೆ ಇದು ಆದೀತೋ ಎಂಬುದು ನನಗೆ ತಿಳಿಯದು. ಎ.ಸಿ.ಯ ಡ್ರೈ ಬಟನ್ ಒತ್ತಿದರೆ ಇದೇ ಕೆಲಸ ಆಗುತ್ತದೆ ಎನ್ನುತ್ತಾರೆ, ಹಾಗಾದರೆ ರಾತ್ರಿಯಿಡೀ ಅದನ್ನೇ ಹಾಕಬಹುದಲ್ಲವೇ?

ಉಪ್ಪಳ ರೆಫ್ರಿಜರೇಶನ್

ಅರ್ಧ ಮಾತ್ರ ಸರಿ. ಡ್ರೈಗೆ ಹಾಕಿದಾಗ ಫ್ಯಾನ್ ನಿಧಾನವಾಗುವುದರಿಂದ ಕಾಯಿಲ್ ಹೆಚ್ಚು ತಣ್ಣಗಾಗಿ ನೀರು ಚೆನ್ನಾಗಿ ಇಳಿಯುತ್ತದೆ. ಆದರೆ ಹೆಚ್ಚಿನ ಯಂತ್ರಗಳಲ್ಲಿ ತೇವಾಂಶ ಅಳೆಯುವ ಸೆನ್ಸರೇ ಇಲ್ಲ, ಆದ್ದರಿಂದ ಗಾಳಿ ಒಣಗಿತು ಎಂದು ಅದು ನಿಲ್ಲುವುದಿಲ್ಲ, ಕೋಣೆಯನ್ನು ತಣಿಸುತ್ತಲೇ ಹೋಗುತ್ತದೆ. ರಾತ್ರಿಯಿಡೀ ಹಾಕಿದರೆ ಬೆಳಗಿನ ಜಾವ ಚಳಿ ಖಂಡಿತ. ಮಲಗುವ ಮೊದಲು ಒಂದು ಗಂಟೆ ಹಾಕಲು ಒಳ್ಳೆಯದು.

ಬದಿಯಡ್ಕದ ಸೊಸೆ

ಉಪ್ಪಿನ ಪರೀಕ್ಷೆಯಲ್ಲಿ 79 ತೋರಿಸಿತು, ಅಂದರೆ ನನ್ನ ಮಾಪಕ ನಾಲ್ಕು ಹೆಚ್ಚು ಹೇಳುತ್ತದೆ. ಆ ದಿನದ 82 ನಿಜವಾಗಿ 78. ಇನ್ನು ಮುಂದೆ ಕಳೆದೇ ಬರೆಯುತ್ತೇನೆ.

ತೊಟ್ಟಿಲು ಮೂಲೆಗೆ ಸರಿಸಿದೆ. ಮೊದಲಿದ್ದ ಜಾಗದಲ್ಲಿ ನೂಲು ಪೂರ್ತಿ ಓರೆಯಾಗುತ್ತಿತ್ತು, ಈಗ ಹತ್ತಿಯ ತುದಿ ಮಾತ್ರ ಅಲುಗುತ್ತದೆ. ರಿಮೋಟಿನಲ್ಲಿ 26, ಫ್ಯಾನ್ ಕಡಿಮೆ ವೇಗದಲ್ಲಿ. ನಾಲ್ಕು ಗಂಟೆಗೆ 25.5 ಡಿಗ್ರಿ ಇತ್ತು, ಅತ್ತೆ ಕಂಬಳಿ ಕೇಳಲಿಲ್ಲ. ಆದರೆ ತೇವಾಂಶ 80. ಮಗುವಿಗೆ ಒಂದೇ ಪದರ ಬಟ್ಟೆಯಿದ್ದರೂ ಕುತ್ತಿಗೆ ಬೆವತಿತ್ತು, ಎರಡು ಸಲ ಎದ್ದು ಅತ್ತಿತು. ಚಳಿ ಹೋಯಿತು, ಧಗೆ ಬಂತು ಎಂಬಂತಾಗಿದೆ.

ಉಪ್ಪಳ ರೆಫ್ರಿಜರೇಶನ್

26ಕ್ಕೆ ಏರಿಸಿದಾಗ ಕಂಪ್ರೆಸರ್ ಓಡುವ ಹೊತ್ತು ಇನ್ನೂ ಕಡಿಮೆಯಾಯಿತು, ಅದಕ್ಕೇ ಹೀಗಾದದ್ದು. ಆದರೂ 80 ನನಗೆ ಹೆಚ್ಚೆನಿಸುತ್ತದೆ. ಹೊರಗೆ ನೀರು ಬೀಳುವ ಪೈಪಿನ ಕೆಳಗೆ ಬಕೆಟ್ ಇಟ್ಟು ಎರಡು ಗಂಟೆಯಲ್ಲಿ ಎಷ್ಟು ನೀರು ಬಂತು ನೋಡಿ. ಆ ಕೋಣೆಯಲ್ಲಿ ನೀರಿನ ಮೂಲ ಬೇರೆ ಏನಾದರೂ ಇದೆಯೇ ಎಂದೂ ಹುಡುಕಿ. ಬಚ್ಚಲ ಬಾಗಿಲು, ಒದ್ದೆ ನೆಲ, ಒದ್ದೆ ಬಟ್ಟೆ ಯಾವುದಾದರೂ.

ಬದಿಯಡ್ಕದ ಸೊಸೆ

ಅಣ್ಣ, ಕಾರಣ ಸಿಕ್ಕಿತು. ಮಳೆಗೆ ಮಗುವಿನ ಬಟ್ಟೆ ಹೊರಗೆ ಒಣಗುವುದಿಲ್ಲವೆಂದು ಅದೇ ಕೋಣೆಯಲ್ಲಿ, ಕಪಾಟಿನಿಂದ ಕಿಟಕಿಯವರೆಗೆ ಹಗ್ಗ ಕಟ್ಟಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಚೌಕ ಬಟ್ಟೆಗಳನ್ನು ಹರಡುತ್ತಿದ್ದೆ. ಎ.ಸಿ. ಗಾಳಿಗೆ ಬೇಗ ಒಣಗುತ್ತದೆ ಎಂದು ಸಂಜೆ ಹರಡಿ ರಾತ್ರಿಯಿಡೀ ಬಿಡುವ ಅಭ್ಯಾಸ. ನಿಮ್ಮ ಮಾತು ಓದಿದ ಮೇಲೆ ಹಿಂಡಿದ ಬಟ್ಟೆಗಳನ್ನು ತೂಕದ ಯಂತ್ರದ ಮೇಲಿಟ್ಟು, ಒಣಗಿದ ಮೇಲೆ ಮತ್ತೆ ತೂಗಿದೆ. ಒಂದು ಕಿಲೋ ಇನ್ನೂರು ಗ್ರಾಮಿನಷ್ಟು ಕಡಿಮೆಯಾಗಿತ್ತು. ಅಷ್ಟು ನೀರನ್ನು ನಾವು ಮೂವರು ಮಲಗುವ ಗಾಳಿಗೇ ಬಿಡುತ್ತಿದ್ದೆವು. ಬಕೆಟಿನಲ್ಲಿ ಎರಡು ಗಂಟೆಗೆ ಸಿಕ್ಕಿದ್ದು ಅರ್ಧ ಲೀಟರ್ ಮಾತ್ರ.

ಬಟ್ಟೆ ಈಗ ಅಡುಗೆಮನೆಯ ಹಿಂದಿನ ಚಾವಡಿಯಲ್ಲಿ, ಟೇಬಲ್ ಫ್ಯಾನಿನ ಎದುರು. ಸಂಜೆ ನೆಲ ಒರೆಸುವುದನ್ನು ಬೆಳಿಗ್ಗೆಗೆ ಬದಲಿಸಿದೆ. ಒಂಬತ್ತರಿಂದ ಹತ್ತರವರೆಗೆ ಡ್ರೈ ಹಾಕಿ, ಆಮೇಲೆ 26ಕ್ಕೆ ಇಟ್ಟು, ಫ್ಯಾನ್ ಆಟೋದಲ್ಲಿ ಮಲಗಿದೆವು. ತೇವಾಂಶ ಹನ್ನೊಂದಕ್ಕೆ 66, ಬೆಳಗಿನ ಜಾವ ನಾಲ್ಕಕ್ಕೆ 71, ತಾಪಮಾನ 25.5. ಮಗು ಒಂದೇ ಸಲ ಹಾಲಿಗೆ ಎದ್ದಿತು. ಕುತ್ತಿಗೆ ಒಣಗಿತ್ತು. ಮೂಗು ಕಟ್ಟುವುದು ಪೂರ್ತಿ ಹೋಗಿಲ್ಲ.

ಉಪ್ಪಳ ರೆಫ್ರಿಜರೇಶನ್

ಪುಸ್ತಕದ ಲೆಕ್ಕದಲ್ಲಿ ತೇವಾಂಶ 40ರಿಂದ 60ರೊಳಗೆ ಇರಬೇಕು. ಆಟಿಯಲ್ಲಿ ನಮ್ಮ ಕರಾವಳಿಯಲ್ಲಿ, ಕೋಣೆಗೆ ದೊಡ್ಡದಾದ ಈ ಯಂತ್ರದಿಂದ 70ರ ಆಸುಪಾಸಿಗೆ ಬಂದದ್ದೇ ಒಳ್ಳೆಯದು. ಮತ್ತೂ ಇಳಿಸಲು ಹೋಗಿ ರಿಮೋಟನ್ನು 22ಕ್ಕೆ ತರಬೇಡಿ. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಿರಿ, ಮೂಗು ಕಟ್ಟಲು ಧೂಳೂ ಕಾರಣವಾಗಿರಬಹುದು. ಹಾಸಿಗೆಯನ್ನು ಬಿಸಿಲು ಕಂಡ ದಿನ ಹೊರಗೆ ಹಾಕಿ.

ನಿವೃತ್ತ ದಾದಿ, ಮಂಜೇಶ್ವರ

ಮೂಗು ಕಟ್ಟಿದ್ದರೂ ಹಾಲು ಸರಿಯಾಗಿ ಕುಡಿಯುತ್ತಿದ್ದರೆ ಕಾದು ನೋಡಬಹುದು. ಹಾಲು ಬಿಡುವುದು, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ಜ್ವರ ಇವುಗಳಲ್ಲಿ ಯಾವುದು ಕಂಡರೂ ಎ.ಸಿ.ಯ ಲೆಕ್ಕ ಬಿಟ್ಟು ಕೂಡಲೇ ಡಾಕ್ಟರರಲ್ಲಿಗೆ ಹೋಗು.

ಈಗ ನಿನ್ನ ಅತ್ತೆಯ ಮಾತು. ಮಗು ಅಳುತ್ತದೆ, ಅವರು ಅಳುವುದಿಲ್ಲ. ವಯಸ್ಸಾದಂತೆ ಚರ್ಮದ ಕೆಳಗಿನ ಕೊಬ್ಬು ಕರಗುತ್ತದೆ, ನಡುಗಿ ಶಾಖ ಹುಟ್ಟಿಸುವ ಶಕ್ತಿ ಕಡಿಮೆಯಾಗುತ್ತದೆ, ಚಳಿಯಾಗಿದೆ ಎನ್ನುವ ಅರಿವೇ ತಡವಾಗಿ ಬರುತ್ತದೆ. ಮೈ ತೀರ ತಣ್ಣಗಾದ ಮೇಲೆಯೇ ಅವರು ಕಂಬಳಿ ಹುಡುಕುವುದು. ಆದ್ದರಿಂದ ಅವರು ಕೇಳುವವರೆಗೆ ಕಾಯಬಾರದು. ಮಲಗುವಾಗಲೇ ತುಂಬುತೋಳಿನ ರವಿಕೆ, ಹತ್ತಿಯ ಕಾಲುಚೀಲ, ಮೊಣಕಾಲ ಮೇಲೆ ಮಡಚಿದ ಹೊದಿಕೆ ಇರಲಿ. ಪಾದ ತಣ್ಣಗಾಗುವುದು ಸಾಮಾನ್ಯ. ಸೀರೆಯ ಒಳಗೆ ಹೊಟ್ಟೆ ಮುಟ್ಟಿದಾಗ ಅದೇ ತಣ್ಣಗಿದ್ದು, ಮಾತು ತೊದಲಿದರೆ ಅಥವಾ ಅತಿಯಾಗಿ ಮಂಕಾಗಿದ್ದರೆ ಜ್ವರದ ಕಡ್ಡಿ ಇಟ್ಟು ನೋಡು. 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆ. ಅವರಿಗೆ ಥೈರಾಯಿಡ್ ಮಾತ್ರೆ ಇದೆಯೇ? ಥೈರಾಯಿಡ್ ಕಡಿಮೆ ಇರುವವರಿಗೆ ಚಳಿ ತಡೆಯುವುದಿಲ್ಲ.

ಬದಿಯಡ್ಕದ ಸೊಸೆ

ಹೌದು, ಥೈರಾಯಿಡ್ ಮಾತ್ರೆ ಹಲವು ವರ್ಷಗಳಿಂದ ಇದೆ. ರಕ್ತ ಪರೀಕ್ಷೆ ಮಾಡಿಸಿ ಒಂದೂವರೆ ವರ್ಷವಾಯಿತು. ಈ ವಾರವೇ ಮಾಡಿಸುತ್ತೇನೆ.

ಕುಂಬಳೆ ಕಡಲ ಬದಿ

ನೀರಿನ ಪಾತ್ರೆಯ ವಿಷಯದಲ್ಲಿ ನಾನು ಹೇಳಿದ್ದು ಇಲ್ಲಿಗೆ ಹೊಂದುವುದಿಲ್ಲ ಎಂದು ಒಪ್ಪುತ್ತೇನೆ. ನನ್ನ ಮನೆಯ ಕೋಣೆಯಲ್ಲಿಯೂ ಮಾಪಕ ಇಟ್ಟು ನೋಡಿದೆ, ತೇವಾಂಶ 76 ಇತ್ತು. ಆದರೆ ಒಂದು ಪ್ರಶ್ನೆ ಉಳಿದಿದೆ. ಎ.ಸಿ.ಯನ್ನು 27ಕ್ಕೆ ಇಟ್ಟು ಮೇಲಿನ ಫ್ಯಾನನ್ನು ಒಂದರಲ್ಲಿ ಹಾಕಿದರೆ ಸಾಲದೇ? ದೊಡ್ಡವರಿಗಂತೂ ಹಾಯೆನಿಸುತ್ತದೆ.

ಉಪ್ಪಳ ರೆಫ್ರಿಜರೇಶನ್

ಹಾಕಬಹುದು ಎಂಬುದು ನನ್ನ ಅಭಿಪ್ರಾಯ. ನಿಧಾನವಾದ ಫ್ಯಾನ್ ನೆಲದ ಬಳಿ ನಿಂತ ತಣ್ಣನೆಯ ಗಾಳಿಯನ್ನು ಮೇಲಿನದರೊಂದಿಗೆ ಬೆರೆಸುತ್ತದೆ, ತೊಟ್ಟಿಲಿಗೂ ಸೆನ್ಸರಿಗೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ತಾರಸಿ ಮಧ್ಯರಾತ್ರಿಯವರೆಗೂ ಶಾಖ ಕಾರುತ್ತಿರುವಾಗ ಇದು ಹೆಚ್ಚು ಉಪಯೋಗ.

ನಿವೃತ್ತ ದಾದಿ, ಮಂಜೇಶ್ವರ

ಮಗುವಿಗೆ ನಾನೂ ಬೇಡ ಎನ್ನುವುದಿಲ್ಲ, ತೊಟ್ಟಿಲು ಫ್ಯಾನಿನ ನೇರ ಕೆಳಗೆ ಇರದಿದ್ದರೆ ಸಾಕು. ಆದರೆ ಎಪ್ಪತ್ತೆಂಟರ ಆ ಅಮ್ಮನಿಗೆ, ಅದರಲ್ಲೂ ಥೈರಾಯಿಡ್ ಇದ್ದು, ರಾತ್ರಿಯಿಡೀ ಮೈಮೇಲೆ ಗಾಳಿಯಾಡುವುದು ನನಗೆ ಒಪ್ಪಿಗೆಯಿಲ್ಲ. ಇಬ್ಬರಿಗೂ ಒಂದೇ ಕೋಣೆಯಲ್ಲಿ ಒಂದೇ ಲೆಕ್ಕ ಹೊಂದಿಸುವುದು ಕಷ್ಟ.

ಬದಿಯಡ್ಕದ ಸೊಸೆ

ನಿನ್ನೆ ಫ್ಯಾನ್ ಒಂದರಲ್ಲಿ ಹಾಕಿ, 27ಕ್ಕೆ ಇಟ್ಟು ನೋಡಿದೆ. ಮಗು ಚೆನ್ನಾಗಿ ಮಲಗಿತು. ಅತ್ತೆ ಹನ್ನೆರಡಕ್ಕೆ ಎದ್ದು ಮೊಣಕಾಲು ಹಿಡಿದುಕೊಂಡು ಕೂತರು, ಫ್ಯಾನ್ ಆರಿಸಿದ ಮೇಲೆ ಮಲಗಿದರು. ಇವತ್ತು ಅವರೇ ಹೇಳಿದರು, ಮಳೆ ಜೋರಿರುವ ರಾತ್ರಿ ತಾನು ಪಕ್ಕದ ಹೆಂಚಿನ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತೇನೆ, ಅಲ್ಲಿ ಎ.ಸಿ.ಯೂ ಬೇಡ ಫ್ಯಾನೂ ಬೇಡ ಎಂದು. ಮಾಪಕವನ್ನು ಅಲ್ಲಿಟ್ಟು ನೋಡಿದೆ, 25 ಡಿಗ್ರಿ, ತೇವಾಂಶ 88. ಸೆಕೆಯಾಗುವುದಿಲ್ಲವೇ ಎಂದರೆ ಇಲ್ಲ ಎನ್ನುತ್ತಾರೆ. ಮಧ್ಯದ ಬಾಗಿಲು ತೆರೆದಿಟ್ಟರೆ ನನ್ನ ಕೋಣೆಗೆ ಆ ತೇವವೆಲ್ಲ ಬರುತ್ತದೆ, ಮುಚ್ಚಿದರೆ ಅವರು ರಾತ್ರಿ ಕರೆದದ್ದು ನನಗೆ ಕೇಳುವುದಿಲ್ಲ. ಇವತ್ತಿಗೆ ಅವರ ತಲೆದಿಂಬಿನ ಬಳಿ ಒಂದು ಕರೆಗಂಟೆ ಇಟ್ಟು, ಬಾಗಿಲು ಮುಚ್ಚಿ ನೋಡುತ್ತೇನೆ.